ಬ್ಯಾಡಗಿಯ ಒಂದು ಕರೆ: ತಕರಾರು ಯಾವುದು, ಕೊಳ್ಳುವ ಸುಳಿವು ಯಾವುದು, ಮುಂದಿನವರಿಗೆ ಏನು ಬರೆದುಕೊಡಬೇಕು

ಹುಬ್ಬಳ್ಳಿಯ ಎಷ್ಟೋ ಸಣ್ಣ ಕಂಪನಿಗಳಲ್ಲಿ ಮಾರಾಟದ ಕೆಲಸ ಎರಡು ಕೈಗಳಲ್ಲಿ ನಡೆಯುತ್ತದೆ. ಕಚೇರಿಯಲ್ಲಿ ಕೂತವರು ಗಿರಾಕಿಗೆ ಫೋನ್ ಮಾಡಿ ಅವರ ಕೆಲಸ, ತೊಂದರೆ, ಬಜೆಟ್ ವಿಚಾರಿಸುತ್ತಾರೆ. ಆಮೇಲೆ ಬೇರೆಯವರು ಲ್ಯಾಪ್‌ಟಾಪ್ ಹಿಡಿದು ಅಂಗಡಿಗೆ ಹೋಗಿ ಡೆಮೊ ತೋರಿಸುತ್ತಾರೆ. ಇವರಿಬ್ಬರ ನಡುವೆ ಸಾಮಾನ್ಯವಾಗಿ ದಾಟುವುದು ಒಂದು ವಾಟ್ಸಾಪ್ ಸಾಲು ಮಾತ್ರ: "ಪಾರ್ಟಿ ಇಂಟರೆಸ್ಟೆಡ್, ರೇಟ್ ಜಾಸ್ತಿ ಅಂದ್ರು, ಫಾಲೋಅಪ್ ಮಾಡಿ." ಅದನ್ನು ಓದಿದವರು ಡಿಸ್ಕೌಂಟ್ ಲೆಕ್ಕ ಹಾಕಿಕೊಂಡೇ ಬಸ್ ಹತ್ತುತ್ತಾರೆ. ಅಲ್ಲಿ ಹೋಗಿ ನೋಡಿದರೆ ಮಾಲಕರ ಚಿಂತೆ ರೇಟಿನದ್ದೇ ಅಲ್ಲ.

ಕರೆ ರೆಕಾರ್ಡ್ ಆಗಿದ್ದರೆ ಈ ತಪ್ಪು ಆಗಬೇಕಿಲ್ಲ. ಮೂವತ್ತು ನಲವತ್ತು ನಿಮಿಷದ ರೆಕಾರ್ಡಿಂಗ್‌ನಿಂದ ಒಂದು ಪುಟದ ಚೀಟಿ ತೆಗೆಯಲು ಸುಮಾರು ಒಂದೂವರೆ ತಾಸು ಬೇಕು. ಆ ಕ್ರಮವನ್ನು ಒಂದೇ ಕರೆಯ ಉದಾಹರಣೆ ಹಿಡಿದು ತೋರಿಸುತ್ತೇವೆ. ಉದಾಹರಣೆ ನಾವು ಕಟ್ಟಿದ್ದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿ, ಅಲ್ಲಿಗೆ ರೈತರ ಮಾರಾಟದ ಪಟ್ಟಿ ಬರೆಯುವ ಮತ್ತು ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುವ ಹುಬ್ಬಳ್ಳಿಯ ಕಂಪನಿ. ಕರೆ ಆಗಿದ್ದು ನವೆಂಬರ್ ಮೊದಲ ವಾರ, ಉದ್ದ 34 ನಿಮಿಷ. ಆ ಕಡೆ ಮಾಲಕರು, ನಡುವೆ ಸ್ವಲ್ಪ ಹೊತ್ತು ಅವರ ಗುಮಾಸ್ತ.

ಕೇಳುವ ಮೊದಲು

ರೆಕಾರ್ಡ್ ಮಾಡುತ್ತಿದ್ದೇವೆ ಎಂದು ಕರೆಯ ಶುರುವಿನಲ್ಲೇ ಹೇಳಿ, ಅವರು "ಆತ್ರಿ" ಅಂದದ್ದು ರೆಕಾರ್ಡಿಂಗ್‌ನಲ್ಲೇ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಕಡತವನ್ನು ಇನ್ನೊಬ್ಬರಿಗೆ ಕಳಿಸುವ ಮಾತು ಬಿಡಿ. ಒಪ್ಪಿಗೆ ಇದ್ದರೂ ಕಡತವನ್ನು ಆಫೀಸ್ ಗ್ರೂಪಿಗೆ ಹಾಕಬೇಡಿ. ಗಿರಾಕಿ ತಮ್ಮ ಸಾಲ, ಬಾಕಿ, ರೈತರ ಮುಂಗಡದ ಮಾತನ್ನೆಲ್ಲ ಅದರಲ್ಲಿ ಆಡಿರುತ್ತಾರೆ.

ಕರೆ ಮಾಡಿದವರೇ ಚೀಟಿ ಬರೆಯುವುದಾದರೆ ಒಂದು ಎಚ್ಚರ ಬೇಕು. ಅವರಿಗೆ ಕರೆ ನೆನಪಿದೆ, ಆದರೆ ನೆನಪಿನಲ್ಲಿ ಉಳಿದಿರುವುದು ಹೆಚ್ಚಾಗಿ ತಾವು ಹೇಳಿದ್ದು. ಹಾಗಾಗಿ ನೆನಪಿನಿಂದ ಒಂದಕ್ಷರವೂ ಬರೆಯದೆ ಕೇಳುತ್ತಲೇ ಬರೆಯಬೇಕು.

ಮೊದಲ ಸಲ: ನಿಲ್ಲಿಸದೆ ಕೇಳುವುದು

ಒಮ್ಮೆ ಪೂರ್ತಿ, ಮಾಮೂಲಿ ವೇಗದಲ್ಲಿ ಕೇಳಿ. ವೇಗ ಹೆಚ್ಚಿಸಿದರೆ ಮೌನಗಳು ಕುಗ್ಗುತ್ತವೆ, ಮೌನವೂ ನಮಗೆ ಬೇಕು. ಕೈಯಲ್ಲಿ ಹಾಳೆ ಇರಲಿ, ಆದರೆ ಅದರಲ್ಲಿ ಸಮಯ ಮಾತ್ರ ಗುರುತಿಸಿ. ಗಿರಾಕಿ ಪ್ರಶ್ನೆ ಕೇಳಿದಲ್ಲಿ, ದನಿ ಬದಲಾದಲ್ಲಿ, ಸುಮ್ಮನಾದಲ್ಲಿ, ಇನ್ನೊಬ್ಬರು ಮಾತಿಗೆ ಬಂದಲ್ಲಿ ಒಂದೊಂದು ಗುರುತು ಹಾಕುತ್ತಾ ಹೋಗಿ. 34 ನಿಮಿಷದ ಕರೆಯಲ್ಲಿ ಹನ್ನೆರಡರಿಂದ ಹದಿನೈದು ಗುರುತು ಬಿದ್ದರೆ ಸರಿ. ನಲವತ್ತು ಬಿದ್ದಿದ್ದರೆ ಎಲ್ಲವನ್ನೂ ಗುರುತಿಸಿದ್ದೀರಿ, ಅಂದರೆ ಏನನ್ನೂ ಗುರುತಿಸಿಲ್ಲ.

ಲೆಕ್ಕದ ಮಾತು ಬಂದಲ್ಲಿ ಕಿವಿ ಚುರುಕಾಗಿರಲಿ. ಮಾಲಕರು 8:15ಕ್ಕೆ "ಸೀಸನ್ನಾಗ ಸಂತಿ ದಿನಕ್ಕ ದೀಡನೂರು ಲಾಟ್ ಬರ್ತಾವ್ರಿ" ಅಂದರು. ದೀಡ ಅಂದರೆ ಒಂದೂವರೆ, ದೀಡನೂರು ಅಂದರೆ 150. ಅಡೀಚನೂರು ಅಂದಿದ್ದರೆ 250. ಮೈಸೂರು, ಮಂಡ್ಯ ಕಡೆಯಿಂದ ಬಂದು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದವರು ಇಲ್ಲಿ ಅಂದಾಜಿನ ಮೇಲೆ ಏನೋ ಒಂದು ಬರೆದುಬಿಡುತ್ತಾರೆ. ಡೆಮೊಗೆ ಹೋದವರು ಮಾಲಕರ ಎದುರು ತಪ್ಪು ಸಂಖ್ಯೆ ಹೇಳಿದರೆ, ಮೊನ್ನೆ ಹೇಳಿದ್ದನ್ನು ಇವರು ಕೇಳಿಯೇ ಇಲ್ಲ ಎಂದು ಅವರಿಗೆ ಅನಿಸುವುದು ಸಹಜ. ಅನುಮಾನ ಬಂದರೆ ಅಕ್ಕಪಕ್ಕ ಕೂತ ಗದಗ-ಹಾವೇರಿ ಕಡೆಯವರನ್ನು ಕೇಳಿ, ಆಮೇಲೆ ಅಂಕಿಯಲ್ಲಿ ಬರೆಯಿರಿ.

ಎರಡನೆಯ ಸಲ: ಗುರುತಿನ ಹತ್ತಿರ ನಿಂತು ಬರೆಯುವುದು

ಈಗ ಗುರುತು ಹಾಕಿದ ಜಾಗಗಳಿಗೆ ಮಾತ್ರ ಹೋಗಿ. ಪ್ರತಿ ಗುರುತಿಗೂ ಸುಮಾರು ಒಂದು ನಿಮಿಷ ಹಿಂದಿನಿಂದ ಕೇಳಿ, ಏಕೆಂದರೆ ತಕರಾರಿನ ಬೇರು ಬಹಳ ಸಲ ನಾವು ಕೇಳಿದ ಪ್ರಶ್ನೆಯಲ್ಲೇ ಇರುತ್ತದೆ. ನಂತರ ಐದು ಸಂಗತಿ ಬರೆಯಿರಿ: ಸಮಯ, ಮಾತಾಡಿದವರು, ಅವರ ಮಾತು ಇದ್ದಂತೆಯೇ, ಅದಕ್ಕೆ ನಾವು ಕೊಟ್ಟ ಉತ್ತರ, ಉತ್ತರ ಕೇಳಿದ ಮೇಲೆ ಅವರು ಮಾಡಿದ್ದು. ಐದನೆಯದನ್ನೇ ಹೆಚ್ಚಿನವರು ಬಿಡುತ್ತಾರೆ, ತಕರಾರು ಬಗೆಹರಿಯಿತೋ ಇಲ್ಲವೋ ಹೇಳುವುದು ಮಾತ್ರ ಅದೊಂದೇ.

"ಇದ್ದಂತೆಯೇ" ಅಂದರೆ ಅವರ ಭಾಷೆಯಲ್ಲೇ. "ಗ್ರಾಹಕರು ಡೇಟಾ ಸುರಕ್ಷತೆಯ ಬಗ್ಗೆ ವಿಚಾರಿಸಿದರು" ಎಂದು ಗ್ರಾಂಥಿಕಕ್ಕೆ ತಿರುಗಿಸಿದರೆ ಆ ಮಾತಿನ ಕಾವು ಹೋಗುತ್ತದೆ. 11:20ರಲ್ಲಿ ಮಾಲಕರು ಅಂದಿದ್ದು ಇಷ್ಟು: "ಅಂದ್ರ, ನಮ್ಮ ಲೆಕ್ಕ ಎಲ್ಲಾ ನಿಮ್ಮ ಕಡೇನ ಇರ್ತೈತೇನ್ರಿ?" ನಮ್ಮವರ ಉತ್ತರ: "ಪೂರ್ತಿ ಸೇಫ್ ಸರ್, ಕ್ಲೌಡ್‌ನಲ್ಲಿರತ್ತೆ." ಮಾಲಕರು: "ಹೂಂ." ಮೂರು ಸೆಕೆಂಡ್ ಬಿಟ್ಟು ಹಮಾಲಿ ಲೆಕ್ಕದ ಬಗ್ಗೆ ಮಾತು ತೆಗೆದರು.

ಈ "ಹೂಂ" ಬಗ್ಗೆ ಸ್ವಲ್ಪ ನಿಲ್ಲಬೇಕು. ಫೋನಿನಲ್ಲಿ ನಮ್ಮ ಜನ ಹೂಂಗುಟ್ಟುವುದು ಕೇಳುತ್ತಿದ್ದೇನೆ ಅನ್ನುವುದಕ್ಕೆ, ಒಪ್ಪಿದೆ ಅನ್ನುವುದಕ್ಕಲ್ಲ. ಒಪ್ಪಿದ ಮನುಷ್ಯ ಸಾಮಾನ್ಯವಾಗಿ ಅದೇ ವಿಷಯವನ್ನು ಒಂದು ಹೆಜ್ಜೆ ಮುಂದೆ ಒಯ್ಯುತ್ತಾನೆ: "ಹಂಗಾದ್ರ ಸರಿ, ಹಂಗಿದ್ರ ಹಿಂಗ ಮಾಡಬಹುದಲ್ರೀ" ಅನ್ನುತ್ತಾನೆ. ಹೂಂ ಅಂದು ಮಾತು ಬದಲಿಸಿದರೆ ತಕರಾರು ಅಲ್ಲೇ ಉಳಿದಿದೆ ಎಂದು ಬರೆಯಿರಿ.

ತಕರಾರು ವಿಂಗಡಿಸುವುದು

ಬರೆದ ಸಾಲುಗಳನ್ನು ಎದುರಿಗೆ ಇಟ್ಟುಕೊಂಡು, ಒಂದೇ ಚಿಂತೆ ಬೇರೆ ಬೇರೆ ಮಾತಿನಲ್ಲಿ ಬಂದಿದೆಯೇ ಹುಡುಕಿ. ನಮ್ಮ ಉದಾಹರಣೆಯ ಮುಖ್ಯ ಜಾಗ ಇದೇ. 27:05ಕ್ಕೆ ಮಾಲಕರು ಕೇಳುತ್ತಾರೆ: "ಲೆಕ್ಕ ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಮನ್ಯಾಗ ಇಟ್ಕೋಬಹುದೇನ್ರಿ?" ಅವಸರದಲ್ಲಿ ಕೇಳಿದವರು ಇದನ್ನು "ಬ್ಯಾಕಪ್ ಸೌಲಭ್ಯದ ಬಗ್ಗೆ ಆಸಕ್ತಿ" ಎಂದು ಸುಳಿವಿನ ಪಟ್ಟಿಗೆ ಸೇರಿಸಿಬಿಡುತ್ತಾರೆ. 11:20ರ ಪಕ್ಕದಲ್ಲಿ ಇಟ್ಟು ನೋಡಿ. ಹದಿನಾರು ನಿಮಿಷದ ಹಿಂದಿನ ಚಿಂತೆಯೇ ಬಟ್ಟೆ ಬದಲಿಸಿ ಬಂದಿದೆ. ದಲಾಲಿ ಅಂಗಡಿಯ ಲೆಕ್ಕದಲ್ಲಿ ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾವ ಖರೀದಿದಾರನ ಉದ್ರಿ ಎಷ್ಟು ನಿಂತಿದೆ ಎಲ್ಲ ಇರುತ್ತದೆ. ಅದು ಪಕ್ಕದ ಅಂಗಡಿಗೆ ಗೊತ್ತಾಗುವುದು ಯಾವ ಮಾಲಕರಿಗೂ ಬೇಡ. ಆದರೆ "ನಿಮ್ಮನ್ನ ನಂಬಂಗಿಲ್ರಿ" ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪೆನ್‌ಡ್ರೈವ್ ಕೇಳುತ್ತಾರೆ.

ಉತ್ತರ ಸಿಕ್ಕ ಮೇಲೂ ತಿರುಗಿ ಬಂದ ತಕರಾರು ಗಟ್ಟಿ ತಕರಾರು. ಒಮ್ಮೆ ಬಂದು ಉತ್ತರಕ್ಕೆ ಸುಮ್ಮನಾದದ್ದು ಹಗುರ. ಇದೊಂದು ಅಳತೆ ಇಟ್ಟುಕೊಂಡರೆ ಸಾಕು. ಎಷ್ಟು ಜೋರಾಗಿ ಹೇಳಿದರು, ಎಷ್ಟು ಹೊತ್ತು ಹೇಳಿದರು ಅನ್ನುವುದನ್ನು ಅಳತೆ ಮಾಡಿಕೊಳ್ಳಬೇಡಿ.

ರೇಟಿನ ತಕರಾರನ್ನೇ ಇದರ ಎದುರಿಗೆ ಇಡಿ. 15:10ಕ್ಕೆ ನಮ್ಮವರು ಮೊದಲ ವರ್ಷಕ್ಕೆ 42,000 ರೂಪಾಯಿ ಅಂದರು. ನಾಲ್ಕು ಸೆಕೆಂಡ್ ಮೌನ. "ಭಾಳ ಆತಲ್ರೀ." ದನಿಯೂ ಏರಿತು. ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಈ ಕ್ಷಣವೇ, ಹಾಗಾಗಿಯೇ "ರೇಟ್ ಜಾಸ್ತಿ ಅಂದ್ರು" ಎಂಬ ಸಾಲು ಹುಟ್ಟುವುದು. ಆದರೆ ಮುಂದೆ ಕೇಳಿ. 15:40ಕ್ಕೆ ಮಾಲಕರೇ "ಪ್ರತಿ ವರ್ಷ ಇಷ್ಟ ಕೊಡಬೇಕೇನ್ರಿ?" ಎನ್ನುತ್ತಾರೆ. ಎರಡನೆಯ ವರ್ಷದಿಂದ 12,000 ಎಂದ ಕೂಡಲೇ "ಹಂಗಾದ್ರ ಒಂದೀಟ ನೋಡಬಹುದು" ಎಂದು ಮುಂದಕ್ಕೆ ಹೋದರು, ಕೊನೆಯವರೆಗೂ ರೇಟಿನ ಮಾತು ಮತ್ತೆ ಎತ್ತಲಿಲ್ಲ. ವ್ಯಾಪಾರಸ್ಥರು ಮೊದಲ ರೇಟಿಗೆ "ಭಾಳ ಆತು" ಅನ್ನುವುದು ಪದ್ಧತಿ, ಅನ್ನದಿದ್ದರೇ ಅನುಮಾನಪಡಬೇಕು. ಇದು ಹಗುರ ತಕರಾರು. ಡೆಮೊಗೆ ಹೋದವರು ತಾವಾಗಿಯೇ ಡಿಸ್ಕೌಂಟ್ ತೆಗೆದರೆ, ಮುಗಿದ ಗಾಯವನ್ನು ಕೆದರಿದಂತೆ.

ಇನ್ನೊಂದು ಬಗೆ ಇದೆ, ಅದು ತಕರಾರೂ ಹೌದು ಷರತ್ತೂ ಹೌದು. 19:30ಕ್ಕೆ ಗುಮಾಸ್ತರು ಬಂದು ಅಂದದ್ದು: "ಎಪಿಎಂಸಿ ಆನ್‌ಲೈನ್ ಟೆಂಡರ್‌ನಾಗೂ ಲಾಟ್ ಹಾಕಬೇಕು, ಇದರಾಗೂ ಹಾಕಬೇಕು, ಎರಡೆರಡ ಸಲ ಬಡಕೋಬೇಕೇನ್ರಿ?" 150 ಲಾಟಿನ ದಿನ ಇದು ಸಣ್ಣ ಮಾತಲ್ಲ. ಕೂತು ಟೈಪ್ ಮಾಡುವವರು ಅವರೇ. ಹಣ ಕೊಡುವುದು ಮಾಲಕರಾದರೂ, ಗುಮಾಸ್ತ ಒಲ್ಲೆ ಅಂದರೆ ಸಾಫ್ಟ್‌ವೇರ್ ಕೊಂಡ ಮೇಲೂ ಮೂಲೆ ಸೇರುತ್ತದೆ. ಹಾಗಾಗಿ ಯಾರ ತಕರಾರು ಎಂದು ಬರೆಯುವುದು ಕಡ್ಡಾಯ. "ಪಾರ್ಟಿ ಅಂದ್ರು" ಎಂದು ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಕಾಲದ ತಕರಾರಿನಲ್ಲಿ ತಾರೀಖು ಅಡಗಿರುತ್ತದೆ. 31:00ಕ್ಕೆ ಮಾಲಕರು: "ಜನವರಿ ಬಂತಂದ್ರ ಹೊಸಾದು ಕೈಯಾಗ ಹಿಡಿಯಂಗಿಲ್ರಿ." ಬ್ಯಾಡಗಿಯಲ್ಲಿ ಜನವರಿಯಿಂದ ಮೆಣಸಿನಕಾಯಿ ಆವಕ ಏರುತ್ತದೆ, ಬೇಸಿಗೆ ನಡುವಿನವರೆಗೂ ಉಸಿರಾಡಲು ಬಿಡುವುದಿಲ್ಲ. ಇದನ್ನು "ಸೀಸನ್ ಆದ್ಮೇಲೆ ನೋಡೋಣ ಅಂದ್ರು" ಎಂದು ಬರೆದರೆ ಫೈಲು ಜೂನ್‌ವರೆಗೆ ಮಲಗುತ್ತದೆ. ಅವರು ಹಾಗೆ ಅಂದಿಲ್ಲ. ಅವರು ಹೇಳಿದ್ದು ಜನವರಿಯೊಳಗೆ ಗುಮಾಸ್ತರ ಕೈಗೆ ಪಳಗಬೇಕು ಎಂದು. ಕಲಿಯಲು ಎರಡು ಮೂರು ವಾರ ಬೇಕೆಂದರೆ ಡಿಸೆಂಬರ್ ಮೊದಲ ವಾರದೊಳಗೆ ಹಾಕಿ ಮುಗಿಸಬೇಕು, ಡೆಮೊ ನವೆಂಬರ್‌ನಲ್ಲೇ ಆಗಬೇಕು. ಮಾತನ್ನು ಹೀಗೆ ತಾರೀಖಿಗೆ ತಿರುಗಿಸಿ ಬರೆಯಿರಿ.

ಕೊಳ್ಳುವ ಸುಳಿವು ಹಿಡಿಯುವುದು

ಹೊಗಳಿಕೆ ಸುಳಿವಲ್ಲ. "ಚಲೋ ಐತ್ರಿ", "ಭಾರಿ ಮಾಡೀರಿ" ಅನ್ನುವುದು ಮರ್ಯಾದೆಯ ಮಾತು. "ವಾಟ್ಸಾಪ್‌ನಾಗ ಕಳಸ್ರಿ, ನೋಡ್ತೀನಿ" ಅನ್ನುವುದು ಎಷ್ಟೋ ಸಲ ಫೋನ್ ಇಡುವ ಸೌಜನ್ಯದ ದಾರಿ. ತೊಂದರೆ ಹೇಳಿಕೊಂಡದ್ದೂ ಸುಳಿವಲ್ಲ. 6:40ಕ್ಕೆ ಮಾಲಕರು "ಸಂತಿ ದಿನ ಪಟ್ಟಿ ಬರದು ಮುಗ್ಸಾಕ ರಾತ್ರಿ ಹನ್ನೊಂದಾಕ್ಕೈತ್ರಿ" ಅಂದರು. ಡೆಮೊದಲ್ಲಿ ಬಹಳ ಉಪಯೋಗಕ್ಕೆ ಬರುವ ಮಾತು, ಬೇರೆ ತಲೆಬರಹದ ಕೆಳಗೆ ಬರೆಯಿರಿ. ಆದರೆ ಇಪ್ಪತ್ತು ವರ್ಷದಿಂದ ಹನ್ನೊಂದಕ್ಕೇ ಮುಗಿಸುತ್ತಿರುವ ಮನುಷ್ಯ ಇನ್ನೂ ಹತ್ತು ವರ್ಷ ಹಾಗೆಯೇ ಮುಗಿಸಬಲ್ಲ.

ಸುಳಿವು ಅಂದರೆ ಗಿರಾಕಿ ತನ್ನ ಮನಸ್ಸಿನಲ್ಲಿ ವಸ್ತುವನ್ನು ಆಗಲೇ ತನ್ನ ಅಂಗಡಿಯಲ್ಲಿ ಇಟ್ಟು ನೋಡುತ್ತಿರುವ ಗುರುತು. ಅದು ಕ್ರಿಯಾಪದದಲ್ಲಿ ಸಿಗುತ್ತದೆ. ಕರೆಯ ಮೊದಲ ಅರ್ಧದಲ್ಲಿ ಮಾಲಕರು "ಹಾಕಿದ್ರ ಏನ್ ಉಪಯೋಗ್ರಿ", "ತಗೊಂಡ್ರ" ಎನ್ನುತ್ತಿದ್ದರು. 24:50ಕ್ಕೆ ಅವರ ಮಾತು ಹೀಗಾಯಿತು: "ಹಾಕಿದ ಮ್ಯಾಲೆ ನಮ್ಮ ಗುಮಾಸ್ತಗ ಕಲಸಾಕ ಯಾರು ಬರ್ತಾರ್ರಿ?" ಹಾಕಿದ್ರ ಅನ್ನುವುದು ಹಾಕಿದ ಮ್ಯಾಲೆ ಆದ ಜಾಗವನ್ನು ಸಮಯದ ಸಮೇತ ಬರೆಯಿರಿ. ಹಾಗೆಯೇ ಕಲಿಸುವವರು, ಹಳೆ ಬಾಕಿ ಏರಿಸುವ ಬಗೆ, ಎಷ್ಟು ಮಂದಿ ಒಟ್ಟಿಗೆ ಬಳಸಬಹುದು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಕೊಂಡ ಮೇಲಿನ ಬದುಕಿನ ಪ್ರಶ್ನೆಗಳು.

ಮಾತಿಗಿಂತ ಮಾಡಿದ್ದು ದೊಡ್ಡ ಸುಳಿವು. 19:10ಕ್ಕೆ ಮಾಲಕರು ನಾವು ಕೇಳದೆಯೇ "ತಡೀರಿ, ನಮ್ಮ ಗುಮಾಸ್ತನ್ನ ಕರೀತೀನಿ" ಎಂದು ಸ್ಪೀಕರ್ ಹಾಕಿದರು. ತಮ್ಮ ಮನುಷ್ಯನ ಹೊತ್ತು ನಮಗೆ ಕೊಟ್ಟರು. ಗುಮಾಸ್ತರು ತಕರಾರು ಹೇಳಿದರು ನಿಜ, ಆದರೆ ಅವರನ್ನು ಕರೆದದ್ದು ಸುಳಿವು. ಒಂದೇ ನಿಮಿಷದಲ್ಲಿ ಎರಡೂ ಇವೆ, ಎರಡು ಸಾಲು ಬರೆಯಿರಿ. ಕೊನೆಗೆ 33:20ಕ್ಕೆ "ಸೋಮವಾರ ಗುರುವಾರ ಬ್ಯಾಡ್ರಿ, ಸಂತಿ ಇರ್ತೈತಿ, ಮಂಗಳವಾರ ಮಧ್ಯಾಹ್ನ ಬರ್ರಿ" ಅಂದರು. "ಯಾವಾಗರೆ ಬರ್ರಿ" ಅನ್ನುವುದಕ್ಕೂ ದಿನ ಹೇಳುವುದಕ್ಕೂ ಇರುವ ಅಂತರ ನಿಮಗೇ ಗೊತ್ತು.

ಎರಡು ಕಡೆಗೂ ವಾಲುವ ಮಾತುಗಳು ಇರುತ್ತವೆ. 32:30ಕ್ಕೆ "ನಮ್ಮ ಅಣ್ಣಾರಿಗೆ ಒಂದ ಮಾತು ಹೇಳಬೇಕ್ರಿ" ಅಂದರು. "ಕೇಳಬೇಕ್ರಿ" ಅಂದಿದ್ದರೆ ನಿರ್ಧಾರ ಅಣ್ಣನ ಕೈಯಲ್ಲಿದೆ ಎಂದು ಹಿಡಿಯಬಹುದಿತ್ತು. "ಹೇಳಬೇಕು" ಅನ್ನುವುದರಲ್ಲಿ ನಿರ್ಧಾರ ಇಲ್ಲೇ ಇದ್ದು, ಹಿರಿಯರಿಗೆ ತಿಳಿಸುವ ರೀತಿಯ ಮಾತಿನ ವಾಸನೆ ಇದೆ. ಆದರೆ ಒಂದು ಕ್ರಿಯಾಪದದ ಮೇಲೆ ಅಷ್ಟು ಭಾರ ಹೊರಿಸಬಾರದು. ಚೀಟಿಯಲ್ಲಿ ಇದನ್ನು ಪ್ರಶ್ನೆಯಾಗಿಯೇ ಬಿಡಿ: ಡೆಮೊಗೆ ಅಣ್ಣನವರೂ ಇರುತ್ತಾರೆಯೇ ಎಂದು ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು.

ನಾವು ಕೊಟ್ಟ ಮಾತು

ಇದಕ್ಕೆ ಕಾಲಂ ಇಲ್ಲದ ಚೀಟಿಗಳೇ ಹೆಚ್ಚು, ಜಗಳ ಹುಟ್ಟುವುದೂ ಇಲ್ಲಿಂದಲೇ. ಎರಡೆರಡು ಸಲ ಬಡಿದುಕೊಳ್ಳಬೇಕೇ ಎಂದು ಗುಮಾಸ್ತರು ಕೇಳಿದಾಗ ನಮ್ಮವರು "ಅದನ್ನ ಲಿಂಕ್ ಮಾಡಿಕೊಡ್ತೀವಿ ಸರ್" ಅಂದುಬಿಟ್ಟಿದ್ದರು. ಎಪಿಎಂಸಿಯ ಆನ್‌ಲೈನ್ ವ್ಯವಸ್ಥೆಯಿಂದ ಲಾಟಿನ ಮಾಹಿತಿ ನೇರ ಎಳೆದುಕೊಳ್ಳಲು ನಮ್ಮ ಸಾಫ್ಟ್‌ವೇರಿಗೆ ಬರುತ್ತದೆಯೋ ಇಲ್ಲವೋ ತಾಂತ್ರಿಕ ವಿಭಾಗದವರನ್ನು ಯಾರೂ ಕೇಳಿಲ್ಲ. ಡೆಮೊಗೆ ಹೋದವರಿಗೆ ಈ ಮಾತು ಗೊತ್ತಿಲ್ಲದಿದ್ದರೆ, ಗುಮಾಸ್ತರು ಎದುರಿಗೇ "ಮೊನ್ನೆ ಲಿಂಕ್ ಮಾಡ್ತೀವಿ ಅಂದ್ರಲ್ರೀ" ಅಂದಾಗ ಮುಖ ಎಲ್ಲಿಡುವುದು? ನಮ್ಮವರು ಹೇಳಿದ್ದನ್ನು ಸಮಯದೊಂದಿಗೆ ಬರೆದು, ಖಚಿತ, ಖಚಿತವಿಲ್ಲ, ತಪ್ಪು ಎಂದು ಪಕ್ಕದಲ್ಲಿ ನಮೂದಿಸಿ. ತಪ್ಪು ಹೇಳಿದವರು ನಾವೇ ಆಗಿದ್ದರೂ ಅಳಿಸಬೇಡಿ.

ಚೀಟಿ

ಹುಬ್ಬಳ್ಳಿ ಬಿಟ್ಟವರು ಹಾವೇರಿ ದಾಟಿ ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ತಿರುಗುವುದರೊಳಗೆ ಮೊಬೈಲ್‌ನಲ್ಲಿ ಎರಡು ಸಲ ಓದುವಷ್ಟು ಇರಲಿ. ಹೀಗೆ:

> ದಲಾಲಿ ಅಂಗಡಿ, ಬ್ಯಾಡಗಿ. ಸೀಸನ್ನಿನಲ್ಲಿ ಸಂತೆ ದಿನಕ್ಕೆ 150 ಲಾಟ್. ಭೇಟಿ: ಮಂಗಳವಾರ ಮಧ್ಯಾಹ್ನ (ಅವರೇ ಹೇಳಿದ ದಿನ, 33:20).
>
> ಗಟ್ಟಿ ತಕರಾರು, ಮಾಲಕರದು: ಲೆಕ್ಕ ನಮ್ಮ ಕಡೆ ಇರುವುದು. "ನಮ್ಮ ಲೆಕ್ಕ ಎಲ್ಲಾ ನಿಮ್ಮ ಕಡೇನ ಇರ್ತೈತೇನ್ರಿ?" (11:20). "ಸೇಫ್" ಎಂಬ ಉತ್ತರಕ್ಕೆ ಹೂಂ ಅಂದು ಮಾತು ಬದಲಿಸಿದರು. ಪೆನ್‌ಡ್ರೈವ್ ಕೇಳಿ ಮತ್ತೆ ಬಂದರು (27:05). ಬಗೆಹರಿದಿಲ್ಲ.
>
> ತಕರಾರೂ ಷರತ್ತೂ, ಗುಮಾಸ್ತರದು: ಲಾಟ್ ಎರಡು ಸಲ ಹಾಕುವುದು (19:30). ಲಿಂಕ್ ಮಾಡುತ್ತೇವೆ ಎಂದು ನಾವು ಹೇಳಿದ್ದೇವೆ, ಖಚಿತವಿಲ್ಲ. ಹೋಗುವ ಮುಂಚೆ ತಾಂತ್ರಿಕ ವಿಭಾಗದಿಂದ ಉತ್ತರ ಬೇಕು.
>
> ಹಗುರ: ರೇಟ್ (15:10). ಎರಡನೆಯ ವರ್ಷದ 12,000 ಕೇಳಿ ಮುಂದಕ್ಕೆ ಹೋದರು. ನಾವಾಗಿ ಎತ್ತುವುದು ಬೇಡ.
>
> ಗಡುವು: ಜನವರಿ ಮುಂಚೆ ಪಳಗಬೇಕು (31:00). ಹಾಕುವುದು ಡಿಸೆಂಬರ್ ಮೊದಲ ವಾರದೊಳಗೆ.
>
> ಸುಳಿವು: ತಾವಾಗಿ ಗುಮಾಸ್ತರನ್ನು ಕರೆದರು (19:10). "ಹಾಕಿದ ಮ್ಯಾಲೆ ಕಲಸಾಕ ಯಾರು ಬರ್ತಾರ್ರಿ" (24:50).
>
> ಗೊತ್ತಿಲ್ಲ: ಅಣ್ಣನವರಿಗೆ "ಹೇಳಬೇಕು" ಅಂದರು (32:30). ನಿರ್ಧಾರ ಯಾರದು?

ಇದರಲ್ಲಿ "ಹಾಟ್ ಲೀಡ್" ಎಂಬ ಮಾತಿಲ್ಲ, ನೂರಕ್ಕೆ ಇಷ್ಟು ಎಂಬ ಅಂಕವೂ ಇಲ್ಲ. ನಿಮ್ಮ ಅಂದಾಜು ಹೇಳಲೇಬೇಕೆಂದರೆ ಕೆಳಗೆ "ನನ್ನ ಅನಿಸಿಕೆ" ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಮಾಲಕರ ಮಾತಿನ ನಡುವೆ ಅದು ನುಸುಳಿದರೆ, ಓದುವವರಿಗೆ ಯಾವುದು ಕೇಳಿದ್ದು ಯಾವುದು ಊಹಿಸಿದ್ದು ತಿಳಿಯುವುದಿಲ್ಲ. ಸಮಯ ಬರೆದಿರುವುದೂ ಇದಕ್ಕೇ: ಅನುಮಾನ ಬಂದರೆ ಅವರು ಆ ಅರ್ಧ ನಿಮಿಷ ಕೇಳಿಕೊಳ್ಳಬಹುದು, 34 ನಿಮಿಷ ಕೇಳಬೇಕಿಲ್ಲ.

ಈ ಚೀಟಿ ಹಿಡಿದವರು ಡೆಮೊ ಶುರುಮಾಡುವ ಬಗೆಯೇ ಬೇರೆ. ಮೊದಲು ಪಟ್ಟಿ ತೆಗೆಯುವ ವೇಗ ತೋರಿಸುವ ಬದಲು, ದಿನದ ಲೆಕ್ಕವನ್ನು ಮಾಲಕರ ಪೆನ್‌ಡ್ರೈವ್‌ಗೇ ಇಳಿಸಿ, ಇಂಟರ್‌ನೆಟ್ ತೆಗೆದು, ಅವರ ಕಂಪ್ಯೂಟರಿನಲ್ಲೇ ತೆರೆದು ತೋರಿಸುತ್ತಾರೆ. ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅದನ್ನೂ ಮಂಗಳವಾರಕ್ಕೆ ಮುಂಚೆಯೇ ತಿಳಿದುಕೊಂಡಿರುತ್ತಾರೆ.

ಭೇಟಿ ಮುಗಿದ ಮೇಲೆ

ಹೋಗಿ ಬಂದವರು ಅದೇ ದಿನ ಚೀಟಿಯ ಪ್ರತಿ ಸಾಲಿನ ಎದುರು ಎರಡು ಮೂರು ಶಬ್ದ ಬರೆಯಬೇಕು: ಮತ್ತೆ ಬಂತು, ಬರಲಿಲ್ಲ, ಬೇರೆಯೇ ಇತ್ತು. ಚೀಟಿ ಬರೆದವರು ಹತ್ತು ಹದಿನೈದು ಕರೆಗಳ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಮ್ಮ ಕಿವಿ ಎಲ್ಲಿ ತಪ್ಪುತ್ತದೆ ಎಂದು ಕಾಣುತ್ತದೆ. ಹಗುರ ಎಂದು ಬರೆದದ್ದು ಪದೇ ಪದೇ ಅಂಗಡಿಯಲ್ಲಿ ಎದ್ದು ನಿಲ್ಲುತ್ತಿದ್ದರೆ, ಆ ಕರೆಗಳ ಐದನೆಯ ಸಂಗತಿಯನ್ನು, ಅಂದರೆ ಉತ್ತರ ಕೇಳಿದ ಮೇಲೆ ಗಿರಾಕಿ ಮಾಡಿದ್ದನ್ನು ಮತ್ತೆ ಕೇಳಿ. ಸಾಮಾನ್ಯವಾಗಿ ಅಲ್ಲೊಂದು "ಹೂಂ" ಕೂತಿರುತ್ತದೆ.